ಹಳೇ ನಂಬರ್ ಬಿಡುವ ಮುನ್ನ ವಾಟ್ಸಾಪ್ ಬಿಡಿಸಿಕೊಳ್ಳಿ

ನನ್ನ ಕಾಕಾನ ಮಗ ಕೆಲಸಕ್ಕೆಂದು ಮಸ್ಕತ್‌ಗೆ ಹೋದ. ಅಲ್ಲಿನ ಸಿಮ್ ಹಾಕಿಕೊಂಡ, ಊರಿನ ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ಬಿಟ್ಟ. ವಾಟ್ಸಾಪ್ ಮಾತ್ರ ಹುಬ್ಬಳ್ಳಿಯ ನಂಬರಿನಲ್ಲೇ ನಡೆಯುತ್ತಿತ್ತು. ಹೀಗೇ ಹಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ವಾಟ್ಸಾಪ್ ತೆರೆದರೆ, ಈ ನಂಬರ್ ಈಗ ನಿಮ್ಮ ಫೋನಿನಲ್ಲಿ ನೋಂದಣಿಯಾಗಿಲ್ಲ ಎಂಬ ಸೂಚನೆ. ಅದೇ ಹೊತ್ತಿಗೆ ಇತ್ತ ಕಾಕು ಮನೆಯ ಗ್ರೂಪಿನಲ್ಲಿ ತಮ್ಮ ಪಾಸ್‌ಬುಕ್ಕಿನ ಫೋಟೋ ಹಾಕಿ, ಇದಕ್ಕೇ ದುಡ್ಡು ಹಾಕಪ್ಪಾ ಎಂದು ಮಗನಿಗೆ ಬರೆದಿದ್ದರು. ಉತ್ತರ ಬಂದದ್ದು ಯಾರೋ ಹೆಣ್ಣುಮಗಳಿಂದ: ‘ಯಾರ ಬೇಕಾಗಿತ್ರಿ? ಇದು ನನ್ನ ನಂಬರ್ ಐತ್ರಿ, ಹೋದ ವಾರ ತಗೊಂಡೀನಿ.’

ಆಕೆಯ ತಪ್ಪು ಏನೂ ಇಲ್ಲ. ನಮ್ಮ ದೇಶದಲ್ಲಿ ಬಳಕೆಯಿಲ್ಲದೆ ರದ್ದಾದ ನಂಬರನ್ನು ಕಂಪನಿಗಳು 90 ದಿನ ಸುಮ್ಮನಿಟ್ಟು, ಆಮೇಲೆ ಬೇರೆಯವರಿಗೆ ಕೊಡಬಹುದು. ಆಕೆ ಹೊಸ ಸಿಮ್ ಹಾಕಿ ವಾಟ್ಸಾಪ್ ತೆರೆದಾಗ ಒಟಿಪಿ ಆಕೆಗೇ ಬಂತು. ನಂಬರ್ ಯಾರ ಕೈಲಿದೆಯೋ ಖಾತೆ ಅವರದು, ವಾಟ್ಸಾಪ್‌ಗೆ ಗೊತ್ತಿರುವುದು ಇಷ್ಟೇ.

ಇಲ್ಲೊಂದು ಸೂಕ್ಷ್ಮವಿದೆ. 45 ದಿನ ಯಾರೂ ಮುಟ್ಟದ ಖಾತೆ ಬೇರೊಂದು ಫೋನಿನಲ್ಲಿ ಮತ್ತೆ ಶುರುವಾದರೆ, ನಂಬರ್ ಕೈ ಬದಲಾಗಿದೆ ಎಂದು ವಾಟ್ಸಾಪ್ ಎಣಿಸುತ್ತದೆ, ಹಳಬರ ಪ್ರೊಫೈಲ್ ಫೋಟೋ ಮುಂತಾದವನ್ನು ಅಳಿಸುತ್ತದೆ. ಆದರೆ ನಮ್ಮ ಹುಡುಗ ದಿನವೂ ಬಳಸುತ್ತಿದ್ದ. ಸಿಮ್ ಸತ್ತಿತ್ತು, ಖಾತೆ ಜೀವಂತವಾಗಿತ್ತು. ಹಾಗಾಗಿ ಅವನಿದ್ದ ಗ್ರೂಪುಗಳೆಲ್ಲ ಆಕೆಯ ಫೋನಿಗೆ ಬಂದವು. ಹಳೆಯ ಮೆಸೇಜುಗಳು ಆಕೆಗೆ ಕಾಣಲಿಲ್ಲ, ಏಕೆಂದರೆ ಅವು ಇದ್ದದ್ದು ಅವನ ಫೋನಿನಲ್ಲಿ. ಆದರೆ ಅಂದಿನಿಂದ ಗ್ರೂಪಿಗೆ ಬಿದ್ದದ್ದೆಲ್ಲ, ಹಳೇ ನಂಬರಿಗೆ ಯಾರೇ ಕಳಿಸಿದ್ದೆಲ್ಲ ಆಕೆಗೇ.

ಹಾಗಾದರೆ ಮಾಡಬೇಕಾದ್ದೇನು?

ಮೊದಲು ಹೊಸ ಸಿಮ್‌ಗೆ ಎಸ್ಸೆಮ್ಮೆಸ್ ಬರುತ್ತಿದೆಯೇ ನೋಡಿಕೊಳ್ಳಿ. ಹಳೇ ಖಾತೆ ಇನ್ನೂ ತೆರೆದಿರುವ ಫೋನಿನಲ್ಲೇ ವಾಟ್ಸಾಪ್‌ನ Settings > Account > Change number ಒತ್ತಿ. ಮೇಲಿನ ಜಾಗದಲ್ಲಿ ಹಳೇ ನಂಬರ್, ಕೆಳಗೆ ಹೊಸದು, ಎರಡನ್ನೂ ದೇಶದ ಕೋಡ್ ಸಮೇತ ಬರೆಯಿರಿ. ಒಟಿಪಿ ಬರುವುದು ಹೊಸ ನಂಬರಿಗೆ. ಆದ್ದರಿಂದ ಹಳೇ ಸಿಮ್ ಆಗಲೇ ಸತ್ತಿದ್ದರೂ, ಖಾತೆ ನಿಮ್ಮ ಫೋನಿನಲ್ಲಿ ತೆರೆದಿರುವವರೆಗೂ ಈ ಕೆಲಸ ಆಗುತ್ತದೆ. ಗ್ರೂಪುಗಳು ಹೊಸ ನಂಬರಿಗೆ ಬರುತ್ತವೆ, ಹಳೇ ನಂಬರಿನ ಖಾತೆ ಅಳಿದುಹೋಗುತ್ತದೆ. ನಡುವೆ, ಪರಿಚಯದವರಿಗೆ ತಿಳಿಸಬೇಕೇ ಎಂದು ಕೇಳುತ್ತದೆ. ಹೂಂ ಅನ್ನಿ.

ವಾಟ್ಸಾಪನ್ನೇ ಬಿಡುವುದಾದರೆ ಅದೇ Account ಒಳಗಿನ Delete account ಬಳಸಿ. ಬಹಳಷ್ಟು ಜನ ಆ್ಯಪನ್ನು ಫೋನಿನಿಂದ ತೆಗೆದು, ಮುಗಿಯಿತು ಅಂದುಕೊಳ್ಳುತ್ತಾರೆ. ಅದರಿಂದ ಖಾತೆಯೂ ಹೋಗುವುದಿಲ್ಲ, ಗ್ರೂಪಿನಿಂದ ಹೆಸರೂ ಹೋಗುವುದಿಲ್ಲ.

ವಾಟ್ಸಾಪ್‌ಗೆ ಆರು ಅಂಕಿಯ ಪಿನ್ ಇಟ್ಟಿದ್ದೇನಲ್ಲ ಎಂದು ನೀವು ಕೇಳಬಹುದು. ಇಟ್ಟದ್ದು ಒಳ್ಳೆಯದೇ. ಆದರೆ ಒಟಿಪಿ ಇದ್ದು ಪಿನ್ ಗೊತ್ತಿಲ್ಲದವರನ್ನು ಅದು ಏಳು ದಿನ ಕಾಯಿಸುತ್ತದೆ, ಶಾಶ್ವತವಾಗಿ ತಡೆಯುವುದಿಲ್ಲ.

ಟೆಲಿಗ್ರಾಂ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಭಯ. ಅಲ್ಲಿ ಸೀಕ್ರೆಟ್ ಚಾಟ್ ಬಿಟ್ಟು ಮಿಕ್ಕ ಮಾತುಕತೆಯೆಲ್ಲ ಕಂಪನಿಯ ಸರ್ವರಿನಲ್ಲೇ ಇರುತ್ತದೆ. ಹೊಸಬರು ಒಟಿಪಿ ಹಾಕಿ ಒಳಗೆ ಹೋದರೆ ನೀವು ಮೂರು ವರ್ಷದ ಹಿಂದೆ ಕಳಿಸಿದ ಆಧಾರ್ ಪ್ರತಿಯೂ ಸಿಕ್ಕಬಹುದು. ಇದಕ್ಕೆ Settings > Privacy and Security > Two-Step Verification ಒಳಗೆ ಪಾಸ್‌ವರ್ಡ್ ಇಡಿ. ಅದು ಗೊತ್ತಿಲ್ಲದವರು ಖಾತೆಯನ್ನು ಅಳಿಸಿ ಹೊಸದಾಗಿ ಶುರುಮಾಡಬಹುದೇ ಹೊರತು ನಿಮ್ಮ ಹಳೇ ಮಾತು ಓದಲಾರರು. ಆಮೇಲೆ Settingsನಲ್ಲಿ ನಿಮ್ಮ ನಂಬರಿನ ಮೇಲೆ ಒತ್ತಿ, ಅಲ್ಲಿಯೂ ಹೊಸ ನಂಬರಿಗೆ ಬದಲಿಸಿ.

ನಮ್ಮ ಹುಡುಗನಂತೆ ವಾಟ್ಸಾಪ್ ಕೈತಪ್ಪಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ದಾರಿ ಇಲ್ಲ, ಒಟಿಪಿ ಹೋಗುವುದು ಈಗಿನ ಮಾಲೀಕರಿಗೆ. ಆಗ ಪ್ರತಿ ಗ್ರೂಪಿನ ಅಡ್ಮಿನ್‌ಗೆ ಫೋನ್ ಮಾಡಿ ಹಳೇ ನಂಬರನ್ನು ತೆಗೆಸಬೇಕು. ನಾವು ಆ ರಾತ್ರಿ ಹೀಗೆ ಹನ್ನೊಂದು ಗ್ರೂಪಿನಿಂದ ತೆಗೆಸಿದೆವು. ಎದುರಿನವರ ಖಾತೆ ಬೇರೆ ಫೋನಿಗೆ ಹೋದಾಗ ಸೆಕ್ಯೂರಿಟಿ ಕೋಡ್ ಬದಲಾಗಿದೆ ಎಂಬ ಸಾಲು ಚಾಟ್‌ನಲ್ಲಿ ಕಾಣುವಂತೆ, ಮನೆಯವರ ಫೋನುಗಳಲ್ಲಿ Settings > Account > Security notifications ಕೂಡ ಆನ್ ಮಾಡಿದೆವು. ಅವರು ಹೊಸ ಫೋನ್ ಕೊಂಡಾಗಲೂ ಆ ಸಾಲು ಬರುತ್ತದೆ, ಹಾಗಾಗಿ ಕಂಡರೆ ಒಮ್ಮೆ ಕರೆ ಮಾಡಿ ದನಿ ಕೇಳಿಕೊಳ್ಳಿ.

ಕಾಕುವಿನ ಫೋನಿನಲ್ಲಿ ‘ಮಗ’ ಎಂಬ ಹೆಸರಿನಲ್ಲಿ ಇನ್ನೂ ಹಳೇ ನಂಬರೇ ಇತ್ತು. ಮರುದಿನ ಅದನ್ನು ಅಳಿಸಿ ಮಸ್ಕತ್ ನಂಬರ್ ಸೇವ್ ಮಾಡಿಕೊಟ್ಟು ಬಂದೆ.