ಗ್ರ್ಯಾನಿ ಸ್ಕ್ವೇರ್‌ಗೆ ಐದನೇ ಮೂಲೆ ಬಂದಾಗ

ಗ್ರ್ಯಾನಿ ಸ್ಕ್ವೇರ್ ಎಂದರೆ ಕ್ರೋಶಾದಲ್ಲಿ ನಡುವಿನಿಂದ ಸುತ್ತು ಸುತ್ತಾಗಿ ಹೆಣೆಯುವ ಚೌಕ. ನನ್ನ ಮೊದಲನೆಯದು ಮೂರನೇ ಸುತ್ತಿಗೇ ದುಂಡಗಾಯಿತು. ಎರಡನೆಯದು ಆರನೇ ಸುತ್ತಿನ ಹೊತ್ತಿಗೆ ನಿರಿಗೆ ನಿರಿಗೆಯಾಗಿ ಎದ್ದು ನಿಂತಿತು, ಮೇಜಿನ ಮೇಲೆ ಒತ್ತಿ ಹಿಡಿದರೂ ಮಲಗಲಿಲ್ಲ. ಕೈಬಿಗಿ ಸರಿಯಿಲ್ಲವೇನೋ ಎಂದು ಹುಕ್ ಬದಲಿಸಿದೆ, ನೂಲು ಬದಲಿಸಿದೆ. ತಪ್ಪು ಇದ್ದದ್ದು ಮೂಲೆಗಳಲ್ಲಿ.

ದುಂಡಗಾದದ್ದರ ಕಾರಣ ತಿಳಿಯಲು ಒಂದು ಲೆಕ್ಕ ಸಾಕು. ಡಬಲ್ ಕ್ರೋಶಾದಲ್ಲಿ ಚಪ್ಪಟೆ ವೃತ್ತ ಹಾಕುವವರು ಸಾಮಾನ್ಯವಾಗಿ 12 ಕಂಬಗಳಿಂದ ಶುರುಮಾಡಿ ಸುತ್ತಿಗೆ 12 ಹೆಚ್ಚಿಸುತ್ತಾರೆ. ಗ್ರ್ಯಾನಿ ಸ್ಕ್ವೇರ್‌ನಲ್ಲೂ ಅಷ್ಟೇ: ಮೂರು ಕಂಬದ ನಾಲ್ಕು ಗೊಂಚಲು, ಆಮೇಲೆ ಸುತ್ತಿಗೆ ನಾಲ್ಕು ಗೊಂಚಲು ಹೆಚ್ಚು. ವೃತ್ತದಲ್ಲಿ ಆ ಹೆಚ್ಚಳ ಸುತ್ತಲೂ ಹರಡಿರುತ್ತದೆ, ಚೌಕದಲ್ಲಿ ನಾಲ್ಕೇ ಜಾಗದಲ್ಲಿ ಇರುತ್ತದೆ. ನಾನು ಮೂಲೆಯಲ್ಲಿ ಎರಡು ಗೊಂಚಲು ಹಾಕಿದ್ದೆ, ಅವುಗಳ ನಡುವಿನ ಎರಡು ಚೈನ್ ಹಾಕುವುದನ್ನು ಬಿಟ್ಟಿದ್ದೆ. ಚೈನ್ ಇಲ್ಲದೆ ಗೊಂಚಲುಗಳು ಬಾಗಿ ನಿಲ್ಲಲು ಜಾಗವಿರಲಿಲ್ಲ, ಮೂಲೆ ಒಳಕ್ಕೆ ಎಳೆದುಕೊಂಡಿತು. ಮುಂದಿನ ಸುತ್ತಿನಲ್ಲಿ ಯಾವ ಸಂದು ಮೂಲೆ, ಯಾವುದು ಬದಿ ಎಂದೇ ಗೊತ್ತಾಗದೆ ಸಿಕ್ಕಲ್ಲಿ ಎರಡು ಗೊಂಚಲು ಹಾಕುತ್ತಾ ಹೋದೆ.

ನಿರಿಗೆ ಬಂದ ಚೌಕವನ್ನು ಬಿಚ್ಚುವ ಮೊದಲು ಎಣಿಸಿದೆ. ಎಷ್ಟನೇ ಸುತ್ತೋ, ಒಂದೊಂದು ಬದಿಗೂ ಮೂಲೆಯವೂ ಸೇರಿ ಅಷ್ಟೇ ಗೊಂಚಲು ಇರಬೇಕು. ಹಾಗಾಗಿ ಆರನೇ ಸುತ್ತಿನಲ್ಲಿ ಒಟ್ಟು 24. ನನ್ನದರಲ್ಲಿ 27 ಇತ್ತು! ಐದನೇ ಸುತ್ತಿನಲ್ಲಿ 20ರ ಬದಲು 22, ನಾಲ್ಕನೆಯದರಲ್ಲಿ 16ರ ಬದಲು 17, ಮೂರನೆಯದು ಸರಿಯಾಗಿ 12. ನಾಲ್ಕನೇ ಸುತ್ತಿನಲ್ಲಿ ಬದಿಯ ಒಂದು ಸಂದಿನಲ್ಲಿ ಮೂರು ಕಂಬ, ಎರಡು ಚೈನ್, ಮತ್ತೆ ಮೂರು ಕಂಬ ಹಾಕಿಬಿಟ್ಟಿದ್ದೆ. ಅದು ಐದನೇ ಮೂಲೆಯಾಯಿತು. ಅಲ್ಲಿಂದ ಸುತ್ತಿಗೆ ನಾಲ್ಕರ ಬದಲು ಐದು ಗೊಂಚಲು ಏರುತ್ತಾ, ಅಂಚು ನಡುಭಾಗಕ್ಕಿಂತ ಉದ್ದವಾಗಿ ಅಲೆಯೆದ್ದಿತು. ಮೂಲೆಯಲ್ಲಿ ಒಂದೇ ಗೊಂಚಲು ಹಾಕಿ ಮರೆತಿದ್ದರೆ ಅಂಚು ಸಾಲದೆ ಬಟ್ಟಲಿನಂತೆ ಮೇಲೆ ಮಡಚುತ್ತಿತ್ತು.

ಮೂರನೇ ಸುತ್ತಿನವರೆಗೆ ಬಿಚ್ಚಿ, ನಾಲ್ಕು ಮೂಲೆಯ ಚೈನಿಗೂ ಬೇರೆ ಬಣ್ಣದ ನೂಲಿನ ತುಂಡು ಕಟ್ಟಿದೆ. ತುಂಡು ಇದ್ದಲ್ಲಿ ಮಾತ್ರ ಎರಡು ಗೊಂಚಲು, ನಡುವೆ ಎರಡು ಚೈನ್; ಉಳಿದ ಸಂದುಗಳಲ್ಲಿ ಒಂದೊಂದೇ. ಸುತ್ತು ಶುರುವಾಗುವ ಮೂಲೆಯನ್ನು ಇನ್ನಷ್ಟು ಜೋಪಾನವಾಗಿ ನೋಡುತ್ತೇನೆ: ಅಲ್ಲಿ ಮೊದಲ ಗೊಂಚಲು ಸುತ್ತಿನ ಆರಂಭದಲ್ಲಿ, ಎರಡನೆಯದು ಕೊನೆಯಲ್ಲಿ ಬೀಳುತ್ತದೆ. ಆ ಎರಡನೆಯದನ್ನು ಮರೆತು ಸ್ಲಿಪ್ ಸ್ಟಿಚ್ ಹಾಕಿ ಮುಗಿಸಿಬಿಡುವುದು ಬಹಳ ಸುಲಭ.

ಎಣಿಕೆ ಸರಿಯಿದ್ದೂ ಸಣ್ಣಗೆ ಅಲೆ ಉಳಿದರೆ ಬದಿಯ ಗೊಂಚಲುಗಳ ನಡುವಿನ ಚೈನ್ ನೋಡುತ್ತೇನೆ. ನನ್ನ ಕೈ ಸಡಿಲ, ಹಾಗಾಗಿ ಅಲ್ಲಿ ಚೈನ್ ಹಾಕುವುದನ್ನೇ ಬಿಟ್ಟಿದ್ದೇನೆ. ಮೂಲೆಯ ಎರಡು ಚೈನ್ ಮಾತ್ರ ಯಾವತ್ತೂ ಬಿಡುವುದಿಲ್ಲ.