ಬೆಳಕು ಎಷ್ಟು ತಳ್ಳುತ್ತದೆ? ಕಪ್ಪು ಫಲಕಕ್ಕೂ ಕನ್ನಡಿಗೂ ಲೆಕ್ಕ ಹಾಕುವ ಬಗೆ

ಬೆಳಕು ಬಿದ್ದ ವಸ್ತುವಿನ ಮೇಲೆ ಒತ್ತಡ ಬೀಳುತ್ತದೆ. ಬೆಳಕನ್ನೆಲ್ಲ ಹೀರಿಕೊಳ್ಳುವ ಫಲಕದ ಮೇಲೆ ಇಷ್ಟು, ಪೂರ್ತಿ ಪ್ರತಿಫಲಿಸುವ ಕನ್ನಡಿಯ ಮೇಲೆ ಅದರ ಎರಡರಷ್ಟು. ಇಷ್ಟನ್ನು ಬಾಯಿಪಾಠ ಮಾಡಿಕೊಂಡವರು ಪರೀಕ್ಷೆಯಲ್ಲಿ ಸುಲಭದ ಲೆಕ್ಕಗಳನ್ನು ದಾಟಿಬಿಡುತ್ತಾರೆ. ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ ಕೇಳಿದರೆ ಮಾತ್ರ ಎಡವುತ್ತಾರೆ. ಏಕೆಂದರೆ 'ಎರಡರಷ್ಟು' ಎಂಬ ಮಾತು ಬೆಳಕು ನೆಟ್ಟಗೆ ಬಿದ್ದಾಗಿನದು. ಒಂದೇ ಲೇಸರ್ ಕಿರಣವನ್ನು ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಹಂತ 1: ಒಂದು ಫೋಟಾನಿನ ಸಂವೇಗ

ಫೋಟಾನಿಗೆ ದ್ರವ್ಯರಾಶಿ ಇಲ್ಲ, ಆದರೂ ಸಂವೇಗ ಇದೆ. ಸೂತ್ರ p = h/λ. ಲೇಸರಿನ ತರಂಗದೂರ 663 ನ್ಯಾನೋಮೀಟರ್ ಎಂದುಕೊಳ್ಳಿ. ಕೆಂಪು ಬೆಳಕು, ಭಾಗಾಕಾರ ಸಲೀಸಾಗಲಿ ಎಂದೇ ಈ ಸಂಖ್ಯೆ ಆರಿಸಿದ್ದೇನೆ.

p = (6.63 × 10⁻³⁴) / (663 × 10⁻⁹) = 1.0 × 10⁻²⁷ kg·m/s

ಅದರ ಶಕ್ತಿ E = pc, ಅಂದರೆ 3.0 × 10⁻¹⁹ ಜೂಲ್. ತಪ್ಪುವ ಮೊದಲ ಜಾಗ ಇದೇ: ನ್ಯಾನೋಮೀಟರನ್ನು ಮೀಟರಿಗೆ ಬದಲಿಸದೆ ಹಾಕಿದರೆ ಉತ್ತರ 10⁻³⁶ರ ಹತ್ತಿರ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕಿಗೆ ಸಂವೇಗ ಯಾವಾಗಲೂ 10⁻²⁷ರ ಆಸುಪಾಸಿನಲ್ಲೇ ಇರಬೇಕು. ಇಲ್ಲದಿದ್ದರೆ ಹಿಂದಿರುಗಿ ಮಾನಗಳನ್ನು ನೋಡಿ.

ಹಂತ 2: ಸೆಕೆಂಡಿಗೆ ಎಷ್ಟು ಫೋಟಾನ್?

ಲೇಸರಿನ ಸಾಮರ್ಥ್ಯ 3 ಮಿಲಿವ್ಯಾಟ್ ಇರಲಿ. ಸೆಕೆಂಡಿಗೆ 3 × 10⁻³ ಜೂಲ್ ಹೊರಡುತ್ತದೆ. ಒಂದು ಫೋಟಾನಿನ ಶಕ್ತಿಯಿಂದ ಭಾಗಿಸಿದರೆ ಸೆಕೆಂಡಿಗೆ 10¹⁶ ಫೋಟಾನ್.

ಹಂತ 3: ಬಲ

ಬಲವೆಂದರೆ ಸೆಕೆಂಡಿಗೆ ಎಷ್ಟು ಸಂವೇಗ ಬದಲಾಯಿತು ಎಂಬುದು. ಕಪ್ಪು ಫಲಕಕ್ಕೆ ನೆಟ್ಟಗೆ ಬಂದ ಫೋಟಾನ್ ಅಲ್ಲೇ ಮುಗಿಯಿತು. ಅದರ ಸಂವೇಗ p ಪೂರ್ತಿ ಫಲಕಕ್ಕೆ ಸಂದಿತು. ಕನ್ನಡಿಗೆ ಬಂದದ್ದು +p ಆಗಿ ಬಂದು −p ಆಗಿ ಹೋಯಿತು; ಬದಲಾವಣೆ 2p.

ಕಪ್ಪು ಫಲಕ: 10¹⁶ × 10⁻²⁷ = 1 × 10⁻¹¹ ನ್ಯೂಟನ್
ಕನ್ನಡಿ: 2 × 10⁻¹¹ ನ್ಯೂಟನ್

ಕಿರಣದ ಅಡ್ಡಕೊಯ್ತ 1 ಚದರ ಮಿಲಿಮೀಟರ್ ಆದರೆ, 10⁻⁶ ಚದರ ಮೀಟರಿನಿಂದ ಭಾಗಿಸಿ. ಒತ್ತಡ ಕ್ರಮವಾಗಿ 10⁻⁵ ಮತ್ತು 2 × 10⁻⁵ ಪಾಸ್ಕಲ್. ವಾಯುಮಂಡಲದ ಒತ್ತಡ ಸುಮಾರು 10⁵ ಪಾಸ್ಕಲ್ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ಅಳೆಯಲು ಎಷ್ಟು ಕಷ್ಟದ್ದು ಎಂದು ತಿಳಿಯುತ್ತದೆ.

ಉತ್ತರ ಸರಿಯೇ ಎಂದು ನೋಡಲು ಫೋಟಾನುಗಳನ್ನು ಎಣಿಸಬೇಕಾಗಿಯೇ ಇಲ್ಲ. ಕಪ್ಪು ಫಲಕದ ಮೇಲಿನ ಬಲ P/c; P ಎಂದರೆ ಲೇಸರಿನ ಸಾಮರ್ಥ್ಯ, c ಬೆಳಕಿನ ವೇಗ. ಇಲ್ಲಿ 3 × 10⁻³ ಅನ್ನು 3 × 10⁸ರಿಂದ ಭಾಗಿಸಿದರೆ ಅದೇ 10⁻¹¹. ತರಂಗದೂರ ಎಲ್ಲಿ ಹೋಯಿತು? ನೀಲಿ ಬೆಳಕಿನ ಒಂದೊಂದು ಫೋಟಾನೂ ಹೆಚ್ಚು ತಳ್ಳುತ್ತದೆ, ಆದರೆ ಅದೇ ಸಾಮರ್ಥ್ಯಕ್ಕೆ ಫೋಟಾನುಗಳ ಸಂಖ್ಯೆ ಅಷ್ಟೇ ಕಡಿಮೆಯಾಗುತ್ತದೆ. ಆದ್ದರಿಂದ ಸಾಮರ್ಥ್ಯ ಕೊಟ್ಟ ಲೆಕ್ಕದಲ್ಲಿ ತರಂಗದೂರವೂ ಇದ್ದರೆ, ಅದು ಫೋಟಾನುಗಳ ಎಣಿಕೆಗಷ್ಟೇ ಬೇಕು, ಒತ್ತಡಕ್ಕಲ್ಲ.

ನಡುವೆ ಒಂದು ಅನುಮಾನ

ಕಪ್ಪು ಫಲಕ ಬೆಳಕಿನ ಶಕ್ತಿಯನ್ನೆಲ್ಲ ನುಂಗಿಕೊಂಡಿತು. ಕನ್ನಡಿ ಏನನ್ನೂ ಇಟ್ಟುಕೊಳ್ಳದೆ ವಾಪಸ್ ಕಳಿಸಿತು. ಹಾಗಿದ್ದೂ ಕನ್ನಡಿಗೇ ಹೆಚ್ಚು ತಳ್ಳು ಹೇಗೆ? ಶಕ್ತಿಗೆ ದಿಕ್ಕಿಲ್ಲ, ಸಂವೇಗಕ್ಕೆ ಇದೆ. ನಿಂತಿರುವ ಕನ್ನಡಿಯ ಮೇಲೆ ಬಲವಿದ್ದರೂ ಅದು ಜರುಗದ ಕಾರಣ ಕೆಲಸ ಶೂನ್ಯ, ಶಕ್ತಿಯ ಖರ್ಚೂ ಶೂನ್ಯ. ಕನ್ನಡಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತಿದ್ದರೆ ಮಾತು ಬೇರೆ. ಆಗ ಒಂದೊಂದು ಫೋಟಾನೂ ಅದಕ್ಕೆ 2pv, ಅಂದರೆ 6 × 10⁻²⁶ ಜೂಲ್ ಕೊಟ್ಟು ಹೋಗುತ್ತದೆ. ತನ್ನ ಶಕ್ತಿಯಲ್ಲಿ ಒಂದು ಕೋಟಿಗೆ ಎರಡು ಪಾಲು ಮಾತ್ರ. ಮರಳುವ ಬೆಳಕು ಅಷ್ಟರಮಟ್ಟಿಗೆ ಕೆಂಪಿನತ್ತ ಜಾರಿರುತ್ತದೆ. ಲೆಕ್ಕದಲ್ಲಿ ಶಕ್ತಿ ಎಲ್ಲೂ ಸೋರಿಲ್ಲ.

ಹಂತ 4: ಓರೆ ಮಾಡಿ ನೋಡಿ

ಈಗ ಫಲಕ, ಕನ್ನಡಿ ಎರಡನ್ನೂ 60 ಡಿಗ್ರಿ ತಿರುಗಿಸಿ. ಈ ಕೋನ ಕಿರಣಕ್ಕೂ ಮೇಲ್ಮೈಯ ಲಂಬರೇಖೆಗೂ ನಡುವಿನದು, ಮೇಲ್ಮೈಗೂ ಕಿರಣಕ್ಕೂ ನಡುವಿನದಲ್ಲ. ಇಡೀ ಕಿರಣ ಇನ್ನೂ ಫಲಕದ ಮೇಲೆಯೇ ಬೀಳುತ್ತಿದೆ ಎಂದಿರಲಿ.

ಕಪ್ಪು ಫಲಕ ಬಂದ ಸಂವೇಗವನ್ನೆಲ್ಲ ಹೀರಿಕೊಳ್ಳುವುದರಿಂದ ಬಲ ಮೊದಲಿನಂತೆ 1 × 10⁻¹¹ ನ್ಯೂಟನ್, ದಿಕ್ಕು ಕಿರಣದ ದಿಕ್ಕೇ. ಫಲಕವನ್ನು ಎಷ್ಟು ತಿರುಗಿಸಿದರೂ ಇದು ಬದಲಾಗದು. ಕನ್ನಡಿಯಲ್ಲಿ ಹಾಗಲ್ಲ. ಫೋಟಾನಿನ ಸಂವೇಗದಲ್ಲಿ ಮೇಲ್ಮೈಗೆ ಸಮಾನಾಂತರವಾದ ಭಾಗ ಹಾಗೆಯೇ ಮುಂದೆ ಸಾಗುತ್ತದೆ. ಲಂಬ ಭಾಗ ಮಾತ್ರ ತಿರುಗಿ ಬೀಳುತ್ತದೆ. ಬಲ:

F = (2P/c) cos θ = 2 × 10⁻¹¹ × 0.5 = 1 × 10⁻¹¹ ನ್ಯೂಟನ್

ಎರಡೂ ಸಮ! ಇನ್ನೂ ಓರೆಯಾಗಿಸಿ 75 ಡಿಗ್ರಿ ಮಾಡಿದರೆ ಕನ್ನಡಿಯ ಬಲ 0.52 × 10⁻¹¹ಕ್ಕೆ ಇಳಿಯುತ್ತದೆ, ಕಪ್ಪು ಫಲಕದ್ದು 1 × 10⁻¹¹ರಲ್ಲೇ ನಿಲ್ಲುತ್ತದೆ. ಕನ್ನಡಿಯೇ ಹಿಂದೆ ಬಿತ್ತು. 'ಎರಡರಷ್ಟು' ನಿಯಮ ಉಳಿಯುವುದು ಮೇಲ್ಮೈಗೆ ಲಂಬವಾದ ಬಲದಲ್ಲಿ ಮಾತ್ರ: 60 ಡಿಗ್ರಿಯಲ್ಲಿ ಕಪ್ಪು ಫಲಕದ ಲಂಬ ಬಲ 0.5 × 10⁻¹¹, ಕನ್ನಡಿಯದು 1 × 10⁻¹¹. ಕಪ್ಪು ಫಲಕಕ್ಕೆ ಇದರ ಜೊತೆಗೆ ಪಕ್ಕಕ್ಕೆ ಎಳೆಯುವ 0.87 × 10⁻¹¹ ನ್ಯೂಟನ್ ಕೂಡ ಇದೆ. ಒತ್ತಡ ಕೇಳಿದರೆ cos ಎರಡು ಬಾರಿ ಬರುತ್ತದೆ. ಒಂದು ಬಲಕ್ಕೆ, ಇನ್ನೊಂದು ಓರೆಯಾದಾಗ ಬೆಳಕಿನ ಚುಕ್ಕೆ ಹರಡಿಕೊಳ್ಳುವುದಕ್ಕೆ. ಹಾಗಾಗಿ 60 ಡಿಗ್ರಿಯಲ್ಲಿ ಕನ್ನಡಿಯ ಒತ್ತಡ 2 × 10⁻⁵ ಪಾಸ್ಕಲಿನ ಕಾಲು ಭಾಗ. ಪ್ರಶ್ನೆಯಲ್ಲಿ 'ಬಲ' ಎಂದಿದೆಯೋ 'ಒತ್ತಡ' ಎಂದಿದೆಯೋ ಎಂದು ಕಣ್ಣಿಟ್ಟು ಓದಬೇಕಾದ್ದು ಇದಕ್ಕೇ.

ಪ್ರಯೋಗದಲ್ಲಿ ಮೋಸ ಹೋಗುವ ಬಗೆ

ಗಾಜಿನ ಬುರುಡೆಯೊಳಗೆ ಒಂದು ಮುಖ ಕಪ್ಪು, ಇನ್ನೊಂದು ಮುಖ ಬೆಳ್ಳಿ ಬಣ್ಣದ ರೆಕ್ಕೆಗಳು ಬಿಸಿಲಿಗೆ ತಿರುಗುವ ಆಟಿಕೆಯನ್ನು ಬೆಳಕಿನ ಒತ್ತಡಕ್ಕೆ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ಅದು ತಿರುಗುವ ದಿಕ್ಕನ್ನು ನೋಡಿ: ಕಪ್ಪು ಮುಖ ಬೆಳಕಿನಿಂದ ಹಿಂದೆ ಸರಿಯುತ್ತದೆ. ಬೆಳಕಿನ ಒತ್ತಡವೇ ಕಾರಣವಾಗಿದ್ದರೆ ಬೆಳ್ಳಿ ಮುಖ ಸರಿಯಬೇಕಿತ್ತು. ಒಳಗೆ ಉಳಿದ ಅಲ್ಪ ಗಾಳಿ ಕಪ್ಪು ಮುಖದ ಬಳಿ ಬಿಸಿಯಾಗುವುದು ಅಲ್ಲಿನ ಕಾರಣ. ಮ್ಯಾಕ್ಸ್‌ವೆಲ್ 1873ರಲ್ಲೇ ಬೆಳಕಿನ ಒತ್ತಡವನ್ನು ಲೆಕ್ಕದಿಂದ ಹೇಳಿದ್ದರೂ ಲೆಬೆಡೆವ್ ಅದನ್ನು ಅಳೆಯುವ ಹೊತ್ತಿಗೆ 1900 ಆಗಿತ್ತು. ಈ ಗಾಳಿಯ ಕಾಟವೇ ದೊಡ್ಡ ತೊಡಕಾಗಿತ್ತು.

ಹಂತ 5: ಸೂರ್ಯನ ಬೆಳಕಿಗೆ ಹಾಕಿ ನೋಡಿ

ಭೂಮಿಯ ದೂರದಲ್ಲಿ ಸೂರ್ಯನ ಬೆಳಕಿನ ತೀವ್ರತೆ ಚದರ ಮೀಟರಿಗೆ 1361 ವ್ಯಾಟ್. c ಇಂದ ಭಾಗಿಸಿದರೆ ಕಪ್ಪು ಫಲಕಕ್ಕೆ 4.54 × 10⁻⁶ ಪಾಸ್ಕಲ್, ಕನ್ನಡಿಗೆ 9.07 × 10⁻⁶. ಜಪಾನ್ 2010ರಲ್ಲಿ ಹಾರಿಸಿದ ಇಕಾರೋಸ್ ನೌಕೆಯ ಹಾಯಿ 14 ಮೀಟರ್ ಚದರ, ಅಂದರೆ 196 ಚದರ ಮೀಟರ್. ಪರಿಪೂರ್ಣ ಕನ್ನಡಿಯಾಗಿ ಸೂರ್ಯನಿಗೆ ಎದುರಾಗಿ ನಿಂತಿದ್ದರೆ 1.78 ಮಿಲಿನ್ಯೂಟನ್ ಬರಬೇಕು. ನೌಕೆಯ ಚಲನೆಯಿಂದ ಅಳೆದದ್ದು 1.12. ಹಾಯಿಯ ಒಂದು ಭಾಗದಲ್ಲಿ ಸೌರಕೋಶಗಳಿದ್ದವು. ಎಲ್ಲ ಕಡೆ ಅದು ಕನ್ನಡಿಯಾಗಿರಲಿಲ್ಲ. ಸೂರ್ಯನಿಂದ ದೂರ, ಹಾಯಿಯ ಓರೆ, ಸುಕ್ಕು ಇವನ್ನೆಲ್ಲ ನಮ್ಮ ಲೆಕ್ಕ ಬಿಟ್ಟಿದೆ. ನೌಕೆಯ ತೂಕ ಸುಮಾರು 310 ಕಿಲೋಗ್ರಾಂ. ಅಳೆದ ಬಲದಿಂದ ಸಿಗುವ ವೇಗೋತ್ಕರ್ಷ 3.6 × 10⁻⁶ m/s². ಒಂದು ದಿನದ 86,400 ಸೆಕೆಂಡಿನಿಂದ ಗುಣಿಸಿದರೆ, ದಿನಕ್ಕೆ ವೇಗದಲ್ಲಿ ಆಗುವ ಬದಲಾವಣೆ ಸೆಕೆಂಡಿಗೆ ಸುಮಾರು 0.31 ಮೀಟರ್.