ವರದಿ ಸರಿಯಿತ್ತು, ಸ್ಲ್ಯಾಬ್ ನಿಂತಿತ್ತು: ಮೊದಲೇ ಎಚ್ಚರಿಸುವ ಅಳತೆ ಆರಿಸುವುದು ಹೇಗೆ?

ಹುಬ್ಬಳ್ಳಿ–ಧಾರವಾಡದ ನಡುವೆ, ನವನಗರದ ಹತ್ತಿರ ಒಂದು ಹಾಸ್ಟೆಲ್ ಕಟ್ಟಡದ ಕೆಲಸ ನಡೆದಿತ್ತು. ಪ್ರತಿ ಸೋಮವಾರ ಮಾಲೀಕರಿಗೆ ವರದಿ ಕಳಿಸುವುದು ನನ್ನ ಪಾಲಿನ ಕೆಲಸ. ನಾಲ್ಕು ವಾರ ‘ಯೋಜನೆಯಂತೆ ನಡೆದಿದೆ’ ಎಂದು ಬರೆದೆ. ಐದನೇ ವಾರ ಮೊದಲ ಮಹಡಿಯ ಸ್ಲ್ಯಾಬ್ ನಿಂತುಹೋಯಿತು. ವಿದ್ಯುತ್ ಪೈಪಿನ ನಕ್ಷೆ ಬಂದಿರಲಿಲ್ಲ. ಕಬ್ಬಿಣ ಕಟ್ಟುವವರು ಬಿತ್ತನೆಗೆಂದು ಹಾವೇರಿ ಕಡೆಯ ತಮ್ಮ ಊರುಗಳಿಗೆ ಹೋಗಿದ್ದರು.

ನಾನು ಸುಳ್ಳು ಬರೆದಿರಲಿಲ್ಲ. ‘ಶೇಕಡಾ ಇಷ್ಟು ಕೆಲಸ ಮುಗಿದಿದೆ’ ಎಂಬ ಅಂಕಿ ಆಗಿಹೋದದ್ದನ್ನು ಮಾತ್ರ ಹೇಳುತ್ತದೆ. ಖರ್ಚಾದ ಹಣ, ತಡವಾದ ದಿನಗಳು ಕೂಡ ಹಾಗೆಯೇ. ಇವುಗಳಿಗೆ ಲ್ಯಾಗಿಂಗ್ ಅಳತೆ, ಅಂದರೆ ತಡವಾಗಿ ಹೇಳುವ ಅಳತೆ ಎನ್ನುತ್ತಾರೆ. ಬಿಲ್ ಮಾಡಲು ಇವು ಬೇಕೇ ಬೇಕು, ತೆಗೆದುಹಾಕಬೇಡಿ. ಇವುಗಳ ಪಕ್ಕದಲ್ಲಿ ಮೊದಲೇ ಹೇಳುವ, ಅಂದರೆ ಲೀಡಿಂಗ್ ಅಳತೆ ಒಂದು ಇರಬೇಕು.

ಕಟ್ಟಡದವರಿಗೆ ಇದು ಹೊಸದಲ್ಲ, ಬಲ ಪರೀಕ್ಷಿಸಲು ಅಚ್ಚು ಹಾಕಿ ಒಡೆಯುವ ಕಾಂಕ್ರೀಟಿನ ಕ್ಯೂಬ್ ನೋಡಿ. ಎಂ20 ಕಾಂಕ್ರೀಟ್ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕು. ಆದರೆ 28 ದಿನ ಕಾಯುವಷ್ಟರಲ್ಲಿ ಮೇಲಿನ ಕೆಲಸ ಶುರುವಾಗಿರುತ್ತದೆ ಅಲ್ವಾ? ಅದಕ್ಕೇ 7ನೇ ದಿನವೂ ಒಂದಿಷ್ಟು ಕ್ಯೂಬ್ ಒಡೆಯುತ್ತೇವೆ. ಸಾದಾ ಒಪಿಸಿ ಸಿಮೆಂಟಾದರೆ ಅಷ್ಟೊತ್ತಿಗೆ ಸುಮಾರು ಮೂರನೇ ಎರಡರಷ್ಟು, ಅಂದರೆ 13ರ ಆಸುಪಾಸು ಬರಬೇಕು. 9 ಬಂದರೆ ಅಂದೇ ಎಚ್ಚರ. ಇನ್ನೂ ಮೊದಲೇ ತಿಳಿಯಬೇಕೆಂದರೆ ಸುರಿಯುವ ಮುಂಚಿನ ಸ್ಲಂಪ್ ಪರೀಕ್ಷೆ ಇದೆ, ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆಂದು ಅದರಲ್ಲಿ ನೋಡುತ್ತೇವೆ. ಎಷ್ಟು ಬೇಗ ಹೇಳುತ್ತದೋ ಅಷ್ಟು ಖಾತ್ರಿ ಕಡಿಮೆ. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟ್ ಮೊದಮೊದಲು ನಿಧಾನವಾಗಿ ಬಲಗೊಳ್ಳುತ್ತದೆ. ಅದಕ್ಕೂ 13ರ ಗೆರೆ ಹಾಕಿದರೆ ಸುಮ್ನೆ ಗಾಬರಿ.

ಹೆಜ್ಜೆ 1: ತಾರೀಖಿನಿಂದ ಹಿಂದಕ್ಕೆ ನಡೆಯಿರಿ. ಸ್ಲ್ಯಾಬ್ ಸುರಿಯಬೇಕಾದರೆ ಪೈಪು ಹಾಕಿರಬೇಕು, ಕಬ್ಬಿಣ ಕಟ್ಟಿರಬೇಕು. ಅದಕ್ಕೂ ಮೊದಲು ಸೆಂಟ್ರಿಂಗ್ ಆಗಿರಬೇಕು, ಕಬ್ಬಿಣ ಸೈಟಿಗೆ ಬಂದಿರಬೇಕು, ನಕ್ಷೆ ಕೈಯಲ್ಲಿರಬೇಕು, ಜನ ಇರಬೇಕು. ಒಂದೊಂದರ ಮುಂದೆಯೂ ‘ಇದು ಕೈಕೊಟ್ಟರೆ ಸರಿಪಡಿಸಲು ಎಷ್ಟು ದಿನ?’ ಎಂದು ಬರೆಯಿರಿ. ನಮ್ಮಲ್ಲಿ ಕಬ್ಬಿಣ ತರಿಸಲು 8 ದಿನ, ನಕ್ಷೆಗೆ 10 ದಿನ, ಬಿತ್ತನೆ ಹೊತ್ತಿನಲ್ಲಿ ಬೇರೆ ಜನ ಹುಡುಕಲು ಎರಡು ವಾರ.

ಅಳತೆ ಆರಿಸುವ ಗುಟ್ಟು ಈ ದಿನಗಳಲ್ಲೇ ಇದೆ. ಸರಿಪಡಿಸಲು ಎರಡು ವಾರ ಬೇಕಿದ್ದಾಗ ಒಂದು ವಾರ ಮೊದಲು ಬಂದ ಎಚ್ಚರಿಕೆಯಿಂದ ಏನೂ ಆಗದು. ಹಾಗಾಗಿ ನಮ್ಮ ಅಳತೆ ಮೂರು ವಾರ ಮುಂದೆ ನೋಡಬೇಕಿತ್ತು.

ಹೆಜ್ಜೆ 2: ಸಿದ್ಧವಿರುವ ಕೆಲಸ ಎಣಿಸಿ. ಮೂರು ವಾರದ ನಂತರ ಶುರುವಾಗಬೇಕಾದ ಕೆಲಸಗಳ ಪಟ್ಟಿ ಮಾಡಿ. ನಕ್ಷೆ, ಸಾಮಾನು, ಜನ ಮೂರೂ ಖಚಿತವಾಗಿರುವುದು ಎಷ್ಟಕ್ಕೆ? ಸ್ಲ್ಯಾಬ್ ನಿಂತ ಮೇಲೆ ಹಳೆಯ ನೋಟ್‌ಬುಕ್ ತೆಗೆದು ಈ ಲೆಕ್ಕ ಹಾಕಿದೆ. ಮೊದಲ ವಾರ 14ರಲ್ಲಿ 11, ಎರಡನೇ ವಾರ 13ರಲ್ಲಿ 8, ಮೂರನೇ ವಾರ 12ರಲ್ಲಿ 5. ಅದೇ ಮೂರು ವಾರ ನನ್ನ ವರದಿಯಲ್ಲಿ ಶೇಕಡಾ 38, 42, 45 ಎಂದಿತ್ತು, ಎಲ್ಲವೂ ಯೋಜನೆಯಂತೆ! ಎರಡನೇ ವಾರವೇ ಕಂಡಿದ್ದರೆ ನಕ್ಷೆಯನ್ನಾದರೂ ತರಿಸಬಹುದಿತ್ತು.

‘ಸಿದ್ಧ’ ಎಂದರೇನು ಎಂಬುದನ್ನು ಬಿಗಿಯಾಗಿ ಹೇಳಿಡಿ. “ಕಬ್ಬಿಣ ನಾಳೆ ಬರತೈತ್ರಿ ಸಾಹೇಬ್ರ” ಅಂದರೆ ಸಿದ್ಧ ಅಲ್ಲ. ಸೈಟಿನಲ್ಲಿ ಕಣ್ಣಿಗೆ ಕಂಡರೆ, ಇಲ್ಲವೇ ಹಣ ಕಟ್ಟಿ ಲೋಡಿನ ದಿನ ಗೊತ್ತಾಗಿದ್ದರೆ ಮಾತ್ರ ಸಿದ್ಧ.

ಹೆಜ್ಜೆ 3: ಗೆರೆ ಎಳೆಯಿರಿ, ಹೆಸರು ಬರೆಯಿರಿ. ಸಿದ್ಧವಿರುವ ಕೆಲಸ ನಾಲ್ಕರಲ್ಲಿ ಮೂರು ಪಾಲಿಗಿಂತ ಕೆಳಗಿಳಿದರೆ ನಾವು ಅಂದೇ ಕೂತು ಮಾತಾಡುತ್ತೇವೆ. ಸಿದ್ಧವಿಲ್ಲದ ಪ್ರತಿ ಕೆಲಸಕ್ಕೂ ಒಬ್ಬರ ಹೆಸರು. ನಾಲ್ಕೈದೇ ಕೆಲಸಗಳಿರುವ ಸಣ್ಣ ಸೈಟಾದರೆ ಅಂಕಿಯ ಗೋಜು ಬೇಡ, ಕೆಲಸದ ಹೆಸರನ್ನೇ ಬರೆಯಿರಿ.

ಹೆಜ್ಜೆ 4: ಅಳತೆಯನ್ನೇ ಅಳೆಯಿರಿ. ಒಂದು ತಿಂಗಳಾಗುವಷ್ಟರಲ್ಲಿ ಮೇಸ್ತ್ರಿಗೆ ಒಂದು ತಿಳಿಯಿತು: ಅಂಕಿ ಇಳಿದರೆ ಬೈಗುಳ. ಆಮೇಲೆ ಎಲ್ಲವೂ ‘ಸಿದ್ಧ’! ತಪ್ಪು ಬೈದ ನಮ್ಮದೇ. ಇದನ್ನು ಹಿಡಿಯುವುದು ಸುಲಭ. ಸಿದ್ಧ ಎಂದು ಬರೆದ ಕೆಲಸಗಳಲ್ಲಿ ಎಷ್ಟು ಹೇಳಿದ ವಾರವೇ ಶುರುವಾದವು ಎಂದು ಪಕ್ಕದಲ್ಲಿ ಬರೆಯುತ್ತಾ ಹೋಗಿ. 11 ಸಿದ್ಧ ಎಂದು 6 ಮಾತ್ರ ಶುರುವಾದರೆ ಆ ಅಂಕಿಯನ್ನು ನಂಬಬೇಡಿ. ಮಳೆಯಿಂದ ನಿಂತದ್ದನ್ನು ಬೇರೆ ಬರೆಯಿರಿ, ಅದನ್ನು ಈ ಅಳತೆ ಮೊದಲೇ ಹೇಳಲಾರದು.

ಎರಡನೇ ಸ್ಲ್ಯಾಬಿನ ಹೊತ್ತಿಗೆ ವರದಿಯ ಮೊದಲ ಸಾಲು ಬದಲಾಗಿತ್ತು: ‘ಕಬ್ಬಿಣ ಬಂದಿದೆ. ನಕ್ಷೆ ಬಂದಿದೆ. ನಾಗರ ಪಂಚಮಿಗೆ ಕಬ್ಬಿಣದವರು ಐದು ದಿನ ಊರಿಗೆ ಹೋಗುತ್ತಾರೆ. ಸ್ಲ್ಯಾಬ್ ಹಬ್ಬಕ್ಕೆ ಮೊದಲೋ, ಆಮೇಲೋ? ಈ ವಾರವೇ ತಿಳಿಸಿ.’